ಇಂಟರ್ನೆಟ್ ಕೇಳದ ಕೀಬೋರ್ಡ್: ಹೆಲಿಬೋರ್ಡ್ ಜೊತೆ ಬಹಳ ದಿನಗಳ ಒಡನಾಟ

ಆಂಡ್ರಾಯ್ಡ್ ಫೋನಿನಲ್ಲಿ ಹೊಸ ಕೀಬೋರ್ಡ್ ಆನ್ ಮಾಡಲು ಹೋದರೆ ಒಂದು ಎಚ್ಚರಿಕೆ ಬರುತ್ತದೆ: ಪಾಸ್‌ವರ್ಡ್, ಕ್ರೆಡಿಟ್ ಕಾರ್ಡ್ ನಂಬರ್ ಸೇರಿ ನೀವು ಟೈಪ್ ಮಾಡುವುದನ್ನೆಲ್ಲ ಇದು ಸಂಗ್ರಹಿಸಬಹುದು ಅಂತ. ಹೆದರಿ ಹಿಂದೆ ಸರಿದವರನ್ನೂ, ಓದದೆ ಓಕೆ ಒತ್ತಿದವರನ್ನೂ ನೋಡಿದ್ದೇನೆ. ಆದರೆ ಈ ಎಚ್ಚರಿಕೆ ಒಳ್ಳೆಯ ಕೀಬೋರ್ಡಿಗೂ ಕೆಟ್ಟ ಕೀಬೋರ್ಡಿಗೂ ಒಂದೇ. ಒತ್ತಿದ ಅಕ್ಷರ ಕಾಣದಿದ್ದರೆ ಯಾವ ಕೀಬೋರ್ಡೂ ಕೆಲಸ ಮಾಡದು. ಹಾಗಾಗಿ ಕೇಳಬೇಕಾದದ್ದು ಇಷ್ಟೇ: ಕಂಡದ್ದನ್ನು ಫೋನಿನಿಂದ ಹೊರಗೆ ಕಳಿಸುವ ದಾರಿ ಅದಕ್ಕೆ ಇದೆಯೇ?

ಆ ದಾರಿಯ ಹೆಸರು ಇಂಟರ್ನೆಟ್ ಅನುಮತಿ. ಕ್ಯಾಮೆರಾ, ಮೈಕ್‌ಗೆ ಕೇಳುವ ಹಾಗೆ ಆಂಡ್ರಾಯ್ಡ್ ಇದನ್ನು ನಮ್ಮ ಹತ್ತಿರ ಕೇಳುವುದಿಲ್ಲ. ಆಪ್ ಇನ್‌ಸ್ಟಾಲ್ ಆದಾಗಲೇ ಸದ್ದಿಲ್ಲದೆ ಸಿಕ್ಕಿಬಿಡುತ್ತದೆ. ನೋಡಬೇಕೆಂದರೆ ಪ್ಲೇ ಸ್ಟೋರ್‌ನಲ್ಲಿ ಆಪ್‌ನ ಪುಟ ತೆರೆದು, About this app ಒಳಗೆ ಹೋಗಿ, ಕೆಳಗಿರುವ App permissions ಒತ್ತಬೇಕು. ಅಲ್ಲಿ have full network access ಎಂಬ ಸಾಲಿದ್ದರೆ ದಾರಿ ತೆರೆದಿದೆ ಎಂದರ್ಥ. ಕಳಿಸುತ್ತಿದೆ ಎಂದಲ್ಲ, ಕಳಿಸಬಲ್ಲದು ಎಂದು. ಮುಂದಿನದ್ದೆಲ್ಲ ಕಂಪನಿಯ ಮಾತಿನ ಮೇಲಿನ ನಂಬಿಕೆ.

ನಾನು ಹೆಲಿಬೋರ್ಡ್ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಅದರ ಪಟ್ಟಿಯಲ್ಲಿ ಇಂಟರ್ನೆಟ್ ಇಲ್ಲವೇ ಇಲ್ಲ. ವೈಬ್ರೇಷನ್, ಫೋನಿನ ಪದಕೋಶ, ಫೋನ್ ಆನ್ ಆದಾಗ ಎಚ್ಚರವಾಗುವುದು ಇವೆ. ಕಾಂಟ್ಯಾಕ್ಟ್ಸ್ ಕೂಡ ಇದೆ, ಆದರೆ ಹೆಸರುಗಳನ್ನು ಸೂಚಿಸುವ ಸೌಲಭ್ಯ ನಾವೇ ಆನ್ ಮಾಡಿದರೆ ಮಾತ್ರ ಬೇಕು, ನಾನು ಮಾಡಿಲ್ಲ. ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಮುಕ್ತ ತಂತ್ರಾಂಶಗಳ ಆಪ್ ಸ್ಟೋರ್ ಆದ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. "nanu" ಒತ್ತಿದರೆ "ನಾನು" ಆಗುವ ಲಿಪ್ಯಂತರ ಇದರಲ್ಲಿಲ್ಲ. ಕನ್ನಡ ಅಕ್ಷರಗಳ ವಿನ್ಯಾಸವನ್ನೇ ಕಲಿಯಬೇಕು. ಒತ್ತಕ್ಷರಕ್ಕೆ ಪ್ರತಿ ಸಲ ಹಲಂತ ಹಾಕುವುದು ಮೊದಲು ಬೇಸರ ತರಿಸಿತು, ಈಗ ಬೆರಳಿಗೆ ಕೂತಿದೆ. ಆಪ್ ಜೊತೆಗೆ ಬಾರದ ಭಾಷೆಗಳ ಪದಸೂಚನೆ ಬೇಕೆಂದರೆ ಡಿಕ್ಷನರಿ ಫೈಲನ್ನು ಬ್ರೌಸರ್‌ನಲ್ಲಿ ಇಳಿಸಿ ಕೈಯಾರೆ ಸೇರಿಸಬೇಕು, ಏಕೆಂದರೆ ಅದು ತಾನಾಗಿ ಏನನ್ನೂ ತಂದುಕೊಳ್ಳಲಾರದು. ಮನೆಯಲ್ಲಿ ಅಮ್ಮನ ಫೋನಿಗೆ ಇದನ್ನು ಹಾಕಿಲ್ಲ. ಅವರಿಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ರೂಢಿ.

ಲಿಪ್ಯಂತರ ಬಿಡಲಾಗದವರು ಒಂದು ವಿಷಯ ತಿಳಿದಿರಬೇಕು. ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2024ರಲ್ಲಿ 9 ಕಂಪನಿಗಳ ಚೀನೀ ಪಿನ್‌ಯಿನ್ ಕೀಬೋರ್ಡ್‌ಗಳನ್ನು ಪರಿಶೀಲಿಸಿತು. ಅಲ್ಲೂ ನಮ್ಮ ಹಾಗೆಯೇ ರೋಮನ್ ಅಕ್ಷರ ಒತ್ತಿ ಸ್ವಂತ ಲಿಪಿ ಪಡೆಯುತ್ತಾರೆ. ಒಳ್ಳೆಯ ಸೂಚನೆ ಕೊಡಲೆಂದು ಆ ಕೀಬೋರ್ಡ್‌ಗಳು ಒತ್ತಿದ್ದನ್ನು ಸರ್ವರ್‌ಗೆ ಕಳಿಸುತ್ತಿದ್ದವು. 8 ಕಂಪನಿಗಳ ಕೀಬೋರ್ಡ್‌ಗಳಲ್ಲಿ ಎನ್‌ಕ್ರಿಪ್ಷನ್ ಎಷ್ಟು ದುರ್ಬಲವಾಗಿತ್ತೆಂದರೆ, ನೆಟ್‌ವರ್ಕ್‌ನಲ್ಲಿ ಹೊಂಚುಹಾಕಿದವರು ಟೈಪ್ ಮಾಡಿದ್ದನ್ನು ಓದಬಹುದಿತ್ತು. ಕಂಪನಿಗಳು ಕದಿಯಲು ಹೊರಟಿದ್ದವು ಎಂದಲ್ಲ. ಅನುಕೂಲಕ್ಕೆಂದು ಇಟ್ಟ ವ್ಯವಸ್ಥೆಯೇ ಸೋರುತ್ತಿತ್ತು. ನಿಮ್ಮ ಕೀಬೋರ್ಡ್ ಸರ್ವರನ್ನು ನೆಚ್ಚಿಕೊಂಡಿದೆಯೇ ಎಂದು ಅಂದಾಜಿಸಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಇದೆಯೆಂದು ನೋಡಿಕೊಂಡು, ಹಿಂದೆಂದೂ ಬರೆಯದ ಪದಗಳನ್ನು ಬರೆದು ನೋಡಿ. ಲಿಪ್ಯಂತರ ನಿಂತರೆ ಅಥವಾ ತೀರಾ ಹದಗೆಟ್ಟರೆ ಉತ್ತರ ಸಿಕ್ಕಂತೆ. ಚೆನ್ನಾಗಿ ನಡೆದರೆ ಪರಿವರ್ತನೆ ಫೋನಿನಲ್ಲೇ ಆಗುತ್ತಿದೆ, ಆದರೆ ನೆಟ್ ಬಂದ ಮೇಲೆ ಏನನ್ನೂ ಕಳಿಸುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಐಫೋನ್‌ನಲ್ಲಿ ಈ ವಿಷಯ ಹೆಚ್ಚು ಸ್ಪಷ್ಟ. ಬೇರೆ ಕಂಪನಿಯ ಕೀಬೋರ್ಡಿಗೆ ಮೊದಲಿಗೆ ನೆಟ್ ಸಿಗುವುದೇ ಇಲ್ಲ; Allow Full Access ಆನ್ ಮಾಡಿದರೆ ಮಾತ್ರ ಸಿಗುತ್ತದೆ. ಆಗ ಬರುವ ಸೂಚನೆಯಲ್ಲಿ ಬಹಳ ಜನ ಗಮನಿಸದ ಮಾತೊಂದಿದೆ: ಈ ಕೀಬೋರ್ಡಿನಲ್ಲಿ ಹಿಂದೆ ಟೈಪ್ ಮಾಡಿದ್ದನ್ನೂ ಕಳಿಸಬಹುದು. "ಒಂದು ಜಿಫ್‌ಗೋಸ್ಕರ ಐದು ನಿಮಿಷ ಆನ್ ಮಾಡ್ತೀನಿ" ಅನ್ನುವವರು ಇದನ್ನು ನೆನಪಿಡಬೇಕು. ಪಾಸ್‌ವರ್ಡ್ ಖಾನೆ ಬಂದಾಗ ಐಫೋನ್ ತನ್ನದೇ ಕೀಬೋರ್ಡಿಗೆ ಬದಲಾಗುತ್ತದೆ ನಿಜ. ಆದರೆ ಮನೆ ವಿಳಾಸ, ಡಾಕ್ಟರಿಗೆ ಬರೆದ ಮೆಸೇಜು, ಮಾಮೂಲಿ ಖಾನೆಯಲ್ಲಿ ತುಂಬಿದ ಕಾರ್ಡ್ ನಂಬರಿಗೆ ಆ ರಕ್ಷಣೆ ಇಲ್ಲ. ಆಂಡ್ರಾಯ್ಡ್‌ನಲ್ಲಿ ಹಾಗೆ ತಾನಾಗಿ ಬದಲಾಗುವುದೂ ಇಲ್ಲ. ಆಪ್ ಒಂದು "ಇಲ್ಲಿ ಬರೆದದ್ದನ್ನು ಕಲಿಯಬೇಡ" ಎಂದು ಕೀಬೋರ್ಡಿಗೆ ಹೇಳಬಹುದು, ಪಾಲಿಸುವುದು ಬಿಡುವುದು ಕೀಬೋರ್ಡಿಗೆ ಸೇರಿದ್ದು.

ಹೆಲಿಬೋರ್ಡನ್ನೂ ಕಣ್ಣುಮುಚ್ಚಿ ನಂಬಿಲ್ಲ. ಇಂಟರ್ನೆಟ್ ಅನುಮತಿಯನ್ನು ಯಾವುದೇ ಆಪ್ ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸಿಕೊಳ್ಳಬಹುದು, ಆಗಲೂ ಫೋನ್ ನಮ್ಮನ್ನು ಕೇಳುವುದಿಲ್ಲ. ಆದ್ದರಿಂದ ಅಪ್‌ಡೇಟ್ ಆದಾಗ ಅನುಮತಿಗಳ ಪಟ್ಟಿಯನ್ನು ಮತ್ತೊಮ್ಮೆ ನೋಡುತ್ತೇನೆ. ಧ್ವನಿ ಟೈಪಿಂಗ್ ಬಟನ್ ಒತ್ತಿದರೆ ಕೆಲಸ ಬೇರೆ ಆಪ್‌ಗೆ ಹೋಗುತ್ತದೆ, ಅಲ್ಲಿ ಆ ಆಪ್‌ನ ನಿಯಮ. ಕ್ಲಿಪ್‌ಬೋರ್ಡ್ ಇತಿಹಾಸವನ್ನೂ ಆಫ್ ಮಾಡಿಟ್ಟಿದ್ದೇನೆ, ಕಾಪಿ ಮಾಡಿದ ಓಟಿಪಿ ಅಲ್ಲಿ ಉಳಿಯುವುದು ನನಗೆ ಬೇಡ.

ಕನ್ನಡ ವಿನ್ಯಾಸ ಕಲಿಯಲು ಸಿದ್ಧರಿದ್ದರೆ ಐದಕ್ಕೆ ನಾಲ್ಕೂವರೆ. ಲಿಪ್ಯಂತರವೇ ಬೇಕೆಂದರೆ ಎರಡು ಕೀಬೋರ್ಡ್ ಇಟ್ಟುಕೊಳ್ಳಿ: ಹರಟೆಗೆ ಅದು, ಬ್ಯಾಂಕು, ಆಸ್ಪತ್ರೆ, ಆಫೀಸಿನ ಲಾಗಿನ್‌ಗೆ ಇದು. ಬದಲಾಯಿಸುವ ಗುಂಡಿ ಸ್ಪೇಸ್‌ಬಾರಿನ ಪಕ್ಕದಲ್ಲೋ ಪರದೆಯ ಕೆಳಮೂಲೆಯಲ್ಲೋ ಸಿಗುತ್ತದೆ.