22 ಎಂಬಿ ಕಡತವನ್ನು ತಡೆಯುವವರು ಯಾರು? ನಾಲ್ಕು ಮೇಲ್ ತಂತ್ರಾಂಶಗಳ ಹೋಲಿಕೆ

ಜಿಮೇಲ್ 25 ಎಂಬಿವರೆಗಿನ ಲಗತ್ತನ್ನು ಕಳುಹಿಸಲು ಬಿಡುತ್ತದೆ. ಬ್ರೌಸರಿನಲ್ಲಿ 22 ಎಂಬಿಯ ಕಡತ ತಕರಾರಿಲ್ಲದೆ ಹೋಗುತ್ತದೆ. ಅದೇ ಖಾತೆಯನ್ನು ಕಂಪ್ಯೂಟರಿನ ಔಟ್‌ಲುಕ್‌ಗೆ ಸೇರಿಸಿ, ಅದೇ ಕಡತವನ್ನು ಲಗತ್ತಿಸಲು ಹೋದರೆ ಮಿತಿ ಮೀರಿದೆ ಎಂಬ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಸೇವೆಯ ಸಹಾಯವಾಣಿಯನ್ನು ಕೇಳಿದರೆ ‘ನಮ್ಮ ಕಡೆ ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ಆ ಮಾತು ಕೇಳಿದರೆ ಮೈ ಉರಿಯುವುದು ಸಹಜ, ಆದರೆ ಈ ಸಂದರ್ಭದಲ್ಲಿ ಅದು ಅಪ್ಪಟ ನಿಜ. ಕಡತ ಇನ್ನೂ ಅವರ ಬಾಗಿಲಿನವರೆಗೆ ಹೋಗಿಯೇ ಇರುವುದಿಲ್ಲ.

ಹಾಗಾಗಿ ಒಂದೇ ಗಾತ್ರದ ಕಡತವನ್ನು ಬೇರೆ ಬೇರೆ ತಂತ್ರಾಂಶಗಳಿಂದ ಕಳುಹಿಸಿ, ಯಾವುದು ಎಲ್ಲಿ ತಡೆಯುತ್ತದೆ ಎಂದು ನೋಡಿದೆ. ಕೈಗೆ ಸಿಕ್ಕ ಕಡತ ಬಳಸಿದರೆ ಗಾತ್ರದ ಲೆಕ್ಕ ಕರಾರುವಾಕ್ಕಾಗಿರುವುದಿಲ್ಲ ಎಂದು ವಿಂಡೋಸ್‌ನಲ್ಲಿ ಸರಿಯಾಗಿ 22 ಎಂಬಿಯ ಖಾಲಿ ಕಡತವನ್ನು ಹೀಗೆ ಸೃಷ್ಟಿಸಿಕೊಂಡೆ:

```
fsutil file createnew test.bin 23068672
```

ಹೋಲಿಕೆಗೆ ಮುನ್ನ ಸರ್ವರ್ ನಿಜಕ್ಕೂ ಎಷ್ಟು ಒಪ್ಪುತ್ತದೆ ಎಂಬುದನ್ನು ಅದರ ಬಾಯಿಂದಲೇ ಕೇಳಿಬಿಡುವುದು ಒಳ್ಳೆಯದು. ಮೇಲ್ ಕಳುಹಿಸುವ ಸರ್ವರ್‌ಗಳು ಸಂಪರ್ಕದ ಆರಂಭದಲ್ಲೇ ತಮ್ಮ ಗರಿಷ್ಠ ಗಾತ್ರವನ್ನು ಹೇಳಿಕೊಳ್ಳುವ ಪದ್ಧತಿ 1993ರಿಂದಲೂ ಇದೆ. ಕೆಳಗಿನ ಆಜ್ಞೆ ಕೊಟ್ಟು, ಸಂಪರ್ಕ ಸಿಕ್ಕ ಮೇಲೆ ಎರಡನೇ ಸಾಲನ್ನು ಟೈಪಿಸಿದರೆ ಉತ್ತರದಲ್ಲಿ ಒಂದು ಸಾಲು ಹೀಗಿರುತ್ತದೆ:

```
openssl s_client -starttls smtp -crlf -quiet -connect smtp.gmail.com:587
ehlo test
250-SIZE 35882577
```

3 ಕೋಟಿ 58 ಲಕ್ಷ ಚಿಲ್ಲರೆ ಬೈಟ್ ಎಂದರೆ 34 ಎಂಬಿಗೂ ಹೆಚ್ಚು. ಹಾಗಾದರೆ 25 ಎಂಬಿ ಎಂಬ ಮಾತು ಎಲ್ಲಿಂದ ಬಂತು? ಮೇಲ್‌ನಲ್ಲಿ ಲಗತ್ತು ಇದ್ದ ರೂಪದಲ್ಲಿ ಹೋಗುವುದಿಲ್ಲ. ಬೇಸ್64 ಎಂಬ ಕ್ರಮದಲ್ಲಿ ಪ್ರತಿ ಮೂರು ಬೈಟ್ ನಾಲ್ಕು ಅಕ್ಷರವಾಗುತ್ತದೆ. ಅದರ ಮೇಲೆ ಪ್ರತಿ 76 ಅಕ್ಷರಕ್ಕೊಮ್ಮೆ ಸಾಲು ಮುರಿಯಲು ಇನ್ನೆರಡು ಬೈಟ್ ಸೇರುತ್ತದೆ. ಒಟ್ಟಾರೆ ಕಡತ ಸುಮಾರು ಶೇ 37ರಷ್ಟು ಉಬ್ಬುತ್ತದೆ. 25 ಎಂಬಿ, ಅಂದರೆ 2,62,14,400 ಬೈಟ್, ಹೀಗೆ ಉಬ್ಬಿದಾಗ 3,58,72,337 ಆಗುತ್ತದೆ. ಅದಕ್ಕೆ ಶಿರೋಲೇಖಗಳಿಗೆಂದು 10,240 ಬೈಟ್ ಕೂಡಿಸಿ ನೋಡಿ: 3,58,82,577. ಸರ್ವರ್ ಹೇಳಿದ ಸಂಖ್ಯೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಿಗುತ್ತದೆ. ಇದು ಆಕಸ್ಮಿಕವೆಂದು ನನಗಂತೂ ಅನ್ನಿಸುವುದಿಲ್ಲ. ನಮ್ಮ 22 ಎಂಬಿ ಉಬ್ಬಿದ ಮೇಲೆ 3 ಕೋಟಿ 15 ಲಕ್ಷ ಬೈಟ್ ಚಿಲ್ಲರೆ ಆಗುತ್ತದೆ. ಅಂದರೆ ಸರ್ವರ್ ಅದನ್ನು ಒಪ್ಪಲೇಬೇಕು. ಇನ್ನು ಯಾರು ತಡೆದರೂ ಅದು ನಮ್ಮ ಕಡೆಯ ತಡೆ.

ಮೊದಲು ಔಟ್‌ಲುಕ್, ಅದರ ಹಳೆಯ ಡೆಸ್ಕ್‌ಟಾಪ್ ಆವೃತ್ತಿ. ಇದು ಲಗತ್ತಿಸುವ ಕ್ಷಣದಲ್ಲೇ `The attachment size exceeds the allowable limit` ಎಂದುಬಿಡುತ್ತದೆ. ‘ಕಳುಹಿಸು’ ಗುಂಡಿಯವರೆಗೆ ಹೋಗಲೂ ಬಿಡುವುದಿಲ್ಲ. ನೆಟ್‌ವರ್ಕ್ ಕಿತ್ತು ಹಾಕಿ ಪ್ರಯತ್ನಿಸಿದರೂ ಅದೇ ಪೆಟ್ಟಿಗೆ ಬರುತ್ತದೆ. ತಡೆ ಯಾರದೆಂದು ಸಾಬೀತುಮಾಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಇಂಟರ್ನೆಟ್ ಮೇಲ್ ಖಾತೆಗಳಿಗೆ ಔಟ್‌ಲುಕ್ ತಾನಾಗಿ ಇಟ್ಟುಕೊಂಡಿರುವ ಮಿತಿ 20 ಎಂಬಿ. ಒಂದೇ ಕಡತವಾಗಲಿ, ಹಲವು ಸೇರಿ ಆಗಲಿ, ಒಟ್ಟು ಮೊತ್ತ ಅದನ್ನು ದಾಟುವಂತಿಲ್ಲ. ಸರ್ವರ್ 25 ಕೊಡಲಿ, 50 ಕೊಡಲಿ, ಅದಕ್ಕೆ ಲೆಕ್ಕವಿಲ್ಲ.

ಇದು ಮೊಂಡುತನದಂತೆ ಕಂಡರೂ ಕಾರಣವಿದೆ. ಮಿತಿ ಇಲ್ಲದಿದ್ದರೆ ದೊಡ್ಡ ಮೇಲ್ ಹೊರಪೆಟ್ಟಿಗೆಗೆ ಬಂದು ಕೂರುತ್ತದೆ. ಸರ್ವರ್ ನಿರಾಕರಿಸಿದ ಮೇಲೂ ಅಲ್ಲೇ ಉಳಿದು, ಪ್ರತಿ ಸುತ್ತಿನಲ್ಲೂ ಮತ್ತೆ ಹೊರಡಲು ಹವಣಿಸುತ್ತದೆ. ನಿಧಾನದ ಸಂಪರ್ಕವಿದ್ದವರಿಗೆ ಇದು ನಿಜವಾದ ಕಾಟ. ಹಾಗಾಗಿ ಬಹುಪಾಲು ಸೇವೆಗಳಿಗೆ ಹೊಂದುವ ಒಂದು ಸಂಖ್ಯೆಯನ್ನು ಅದರಲ್ಲಿ ಮೊದಲೇ ಇಟ್ಟಿದ್ದಾರೆ.

ಇದನ್ನು ಬದಲಿಸಲು ಔಟ್‌ಲುಕ್‌ನ ಆಯ್ಕೆಗಳ ಪುಟದಲ್ಲಿ ಎಷ್ಟು ತಡಕಿದರೂ ಏನೂ ಸಿಗುವುದಿಲ್ಲ, ರಿಜಿಸ್ಟ್ರಿಗೇ ಹೋಗಬೇಕು:

```
HKEY_CURRENT_USER\Software\Microsoft\Office\16.0\Outlook\Preferences
MaximumAttachmentSize   DWORD
```

ಇಲ್ಲದಿದ್ದರೆ ಈ ಹೆಸರಿನ DWORD ಅನ್ನು ಹೊಸದಾಗಿ ಸೃಷ್ಟಿಸಬೇಕು. ಸಂಖ್ಯೆ ಕೆಬಿಯಲ್ಲಿರುತ್ತದೆ, 25 ಎಂಬಿಗೆ 25600. ಇಲ್ಲೊಂದು ಸಣ್ಣ ಅಪಾಯವಿದೆ. ಸಂಖ್ಯೆ ತುಂಬಿಸುವ ಕಿಟಕಿ ಮೊದಲು ತೆರೆಯುವುದು ಹೆಕ್ಸಾಡೆಸಿಮಲ್‌ನಲ್ಲಿ. ಅದನ್ನು ಡೆಸಿಮಲ್‌ಗೆ ಬದಲಿಸದೆ 25600 ಎಂದು ಬರೆದರೆ ಅದು 1,53,088 ಕೆಬಿ, ಅಂದರೆ ಹೆಚ್ಚುಕಡಿಮೆ 150 ಎಂಬಿ ಆಗುತ್ತದೆ. ಔಟ್‌ಲುಕ್ ಏನನ್ನೂ ತಡೆಯುವುದಿಲ್ಲವಾದ್ದರಿಂದ ಎಲ್ಲ ಸರಿಹೋಯಿತು ಅನ್ನಿಸುತ್ತದೆ. 40 ಎಂಬಿಯ ಮೇಲ್ ಹೊರಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ದಿನ ನಿಜ ಗೊತ್ತಾಗುತ್ತದೆ. ಸೊನ್ನೆ ಹಾಕಿದರೆ ಮಿತಿಯೇ ಇರುವುದಿಲ್ಲ. ಅದನ್ನು ನಾನು ಯಾರಿಗೂ ಹೇಳಲಾರೆ, ಕಾರಣ ಅದೇ ಹೊರಪೆಟ್ಟಿಗೆ. ಔಟ್‌ಲುಕ್ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಬೇಕು. ನನ್ನಲ್ಲಿ 22 ಎಂಬಿ ಆಮೇಲೆ ಸಲೀಸಾಗಿ ಹೋಯಿತು. ಕಚೇರಿಯ ಎಕ್ಸ್‌ಚೇಂಜ್ ಖಾತೆಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಮಿತಿಯನ್ನು ಆಡಳಿತಗಾರರು ಸರ್ವರ್‌ನಲ್ಲಿ ಇಟ್ಟಿರುತ್ತಾರೆ.

ಥಂಡರ್‌ಬರ್ಡ್ ಇದಕ್ಕೆ ತದ್ವಿರುದ್ಧ. ಅದಕ್ಕೆ ತನ್ನದೆಂಬ ಗಟ್ಟಿ ಮಿತಿ ಇಲ್ಲ. 5 ಎಂಬಿ ದಾಟಿದ ಕೂಡಲೇ ಬರೆಯುವ ಕಿಟಕಿಯಲ್ಲಿ ಒಂದು ಪಟ್ಟಿ ಕಾಣಿಸಿಕೊಂಡು, ಕಡತ ದೊಡ್ಡದಾಗಿದೆ, ಬದಲಿಗೆ ಕೊಂಡಿ ಕಳುಹಿಸಬಹುದು ಎನ್ನುತ್ತದೆ. ಅದು ಸಲಹೆಯೇ ಹೊರತು ನಿರಾಕರಣೆಯಲ್ಲ. ಅದನ್ನು ಕಂಡು ‘ಇದು 5 ಎಂಬಿಗಿಂತ ಹೆಚ್ಚು ಕಳುಹಿಸುವುದಿಲ್ಲ’ ಎಂದು ತಂತ್ರಾಂಶವನ್ನೇ ಕಿತ್ತುಹಾಕಿದವರಿದ್ದಾರೆ. ಪಟ್ಟಿಯನ್ನು ಕಡೆಗಣಿಸಿ ಕಳುಹಿಸಿದರೆ ಹೋಗುತ್ತದೆ. ಪದೇ ಪದೇ ಕಾಣುವುದು ಬೇಡವೆಂದರೆ ಸಂರಚನಾ ಸಂಪಾದಕದಲ್ಲಿ `mail.compose.big_attachments.threshold_kb` ಎಂಬಲ್ಲಿರುವ 5120ನ್ನು ಏರಿಸಬಹುದು.

ನಿಜವಾದ ತಪಾಸಣೆ ನಡೆಯುವುದು ಕಳುಹಿಸುವಾಗ. ಸರ್ವರ್ ಹೇಳಿದ ಸಂಖ್ಯೆಯನ್ನು ಉಬ್ಬಿದ ಮೇಲ್‌ನ ಗಾತ್ರದೊಂದಿಗೆ ಥಂಡರ್‌ಬರ್ಡ್ ಹೋಲಿಸಿ, ಮೀರಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಸಂದೇಶದಲ್ಲಿ ಸರ್ವರ್‌ನ ಮಿತಿಯನ್ನು ಬೈಟ್‌ಗಳಲ್ಲಿ ತೋರಿಸುತ್ತದೆ. ಇದು ನನಗೆ ಬಹಳ ಹಿಡಿಸಿದ ನಡತೆ. ತಡೆದವರು ಯಾರು, ಎಷ್ಟಕ್ಕೆ ಎಂಬೆರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ, ಊಹೆಗೆ ಕೆಲಸವಿಲ್ಲ.

ಆದರೆ ಅದರದ್ದೇ ಒಂದು ತೊಡಕಿದೆ. ಮೇಲ್ ಹೋದ ಮೇಲೆ ಅದರ ಪ್ರತಿಯನ್ನು ‘ಕಳುಹಿಸಿದವು’ ಕಡತಕೋಶಕ್ಕೆ ಏರಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಸಂಪರ್ಕ. ಅಂದರೆ 30 ಎಂಬಿ ಎರಡು ಬಾರಿ ಮೇಲೇರಬೇಕು. ಎರಡನೆಯದು ನಡುವೆ ಕೈಕೊಟ್ಟರೆ ದೋಷದ ಪೆಟ್ಟಿಗೆ ಬರುತ್ತದೆ. ಅವಸರದಲ್ಲಿ ಓದಿದವರು ಮೇಲ್ ಹೋಗಿಲ್ಲವೆಂದುಕೊಂಡು ಮತ್ತೆ ಕಳುಹಿಸುತ್ತಾರೆ, ಆ ಕಡೆಯವರಿಗೆ ಎರಡೆರಡು ಸಲ ತಲುಪುತ್ತದೆ. ಪೆಟ್ಟಿಗೆಯಲ್ಲಿ ಪ್ರತಿ ಉಳಿಸುವ ಮಾತಿದೆಯೋ, ಕಳುಹಿಸುವ ಮಾತಿದೆಯೋ ಎಂದು ನೋಡಿ ಮುಂದುವರಿಯಬೇಕು. ಜಿಮೇಲ್ ತನ್ನ ಮೂಲಕ ಹೋದ ಮೇಲ್‌ನ ಪ್ರತಿಯನ್ನು ತಾನೇ ಇಟ್ಟುಕೊಳ್ಳುವುದರಿಂದ ಅಂಥ ಖಾತೆಯಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನು ತೆಗೆದುಬಿಡಬಹುದು.

ಆ್ಯಪಲ್‌ನ ಮೇಲ್ ತಂತ್ರಾಂಶದ ಬಗ್ಗೆ ಹೇಳುವುದು ಕಡಿಮೆ. 20 ಎಂಬಿ ದಾಟಿದರೆ ಅದು ಮೇಲ್ ಡ್ರಾಪ್ ಬಳಸೋಣವೇ ಎಂದು ಕೇಳುತ್ತದೆ. ಹೂಂ ಎಂದರೆ ಕಡತ ಐಕ್ಲೌಡ್‌ಗೆ ಹೋಗಿ, ಆ ಕಡೆಯವರಿಗೆ 30 ದಿನ ಬಾಳುವ ಕೊಂಡಿ ತಲುಪುತ್ತದೆ. 5 ಜಿಬಿವರೆಗೆ ನಡೆಯುತ್ತದೆ. ಅನುಕೂಲವೇನೋ ಹೌದು, ಆದರೆ ವರ್ಷ ಕಳೆದ ಮೇಲೆ ಹಳೆಯ ಮೇಲ್ ತೆರೆದು ದಾಖಲೆ ಹುಡುಕುವವರಿಗೆ ಅಲ್ಲಿ ಸತ್ತ ಕೊಂಡಿ ಮಾತ್ರ ಇರುತ್ತದೆ. ಇನ್ನೊಂದು ಮಾತು: ಮ್ಯಾಕ್ ಒಂದು ಎಂಬಿಯನ್ನು ಹತ್ತು ಲಕ್ಷ ಬೈಟ್ ಎಂದು ಎಣಿಸುವುದರಿಂದ ವಿಂಡೋಸ್‌ನ 22 ಎಂಬಿ ಅಲ್ಲಿ 23.1 ಎಂಬಿ ಎಂದು ಕಾಣುತ್ತದೆ. ಕಡತ ಬೆಳೆದಿಲ್ಲ.

ನಾಲ್ಕನೆಯದು ವೆಬ್‌ಮೇಲ್. ಒಂದು ಹೋಸ್ಟಿಂಗ್ ಕಂಪನಿಯ ಖಾತೆಯಲ್ಲಿ, ರೌಂಡ್‌ಕ್ಯೂಬ್‌ನಲ್ಲಿ ನೋಡಿದ್ದು. ಕಂಪನಿ ಕೊಟ್ಟ ಮಾತು 50 ಎಂಬಿ. ಸರ್ವರ್‌ನ್ನು ಕೇಳಿದರೂ `SIZE 52428800` ಎನ್ನುತ್ತದೆ, ಅಂದರೆ ಉಬ್ಬುವಿಕೆ ಕಳೆದು ಸುಮಾರು 36.5 ಎಂಬಿ ಕಡತಕ್ಕೆ ಜಾಗವಿದೆ. ಆದರೆ ಮೇಲ್ ಬರೆಯುವ ಪುಟದಲ್ಲಿ ಲಗತ್ತಿನ ಬಳಿ ಸಣ್ಣ ಅಕ್ಷರದಲ್ಲಿ ಗರಿಷ್ಠ ಗಾತ್ರ 5 ಎಂಬಿ ಎಂದು ಬರೆದಿತ್ತು. ಅದೇ ಖಾತೆಯಿಂದ ಥಂಡರ್‌ಬರ್ಡ್ 22 ಎಂಬಿಯನ್ನು ಕಳುಹಿಸಿತು.

ವೆಬ್‌ಮೇಲ್‌ನಲ್ಲಿ ಕಡತ ಮೇಲ್ ಸರ್ವರ್‌ಗೆ ಹೋಗುವ ಮುನ್ನ ಜಾಲತಾಣಕ್ಕೆ ಏರಬೇಕು ಎಂಬುದೇ ಇದರ ಗುಟ್ಟು. ರೌಂಡ್‌ಕ್ಯೂಬ್ ನಡೆಯುವುದು ಪಿಎಚ್‌ಪಿಯಲ್ಲಿ. ಅದರ `upload_max_filesize` ಯಾರೂ ಮುಟ್ಟದಿದ್ದರೆ 2 ಎಂಬಿ, `post_max_size` 8 ಎಂಬಿ. ಮುಂದೆ ಎನ್‌ಜಿನ್‌ಎಕ್ಸ್ ಇದ್ದರೆ ಅದರ `client_max_body_size` ಬರೇ 1 ಎಂಬಿ. ಈ ಮೂರರಲ್ಲಿ ಚಿಕ್ಕದು ಯಾವುದೋ ಅದೇ ಕೊನೆಯ ಮಾತು. ಪುಟ ಹೇಳಿದ ಮಿತಿಯೊಳಗೇ ಇದ್ದು, ಏರಿಸುವಾಗ 413 ಎಂಬ ಸಂಖ್ಯೆ ಬಂದರೆ ತಡೆದದ್ದು ಎನ್‌ಜಿನ್‌ಎಕ್ಸ್‌ನಂಥ ಮುಂದಿನ ಸರ್ವರ್ ಎಂದು ಹಿಡಿಯಬಹುದು. ಬಳಕೆದಾರರ ಕೈಯಲ್ಲಿ ಇಲ್ಲಿ ಏನೂ ಇಲ್ಲ. ಹೋಸ್ಟಿಂಗ್‌ನವರಿಗೆ ಬರೆಯುವುದಾದರೆ ‘ಲಗತ್ತು ಹೋಗುತ್ತಿಲ್ಲ’ ಎನ್ನದೆ, ಈ ಮೂರು ಹೆಸರುಗಳನ್ನೇ ಬರೆದು ಏರಿಸಲು ಕೇಳುವುದು ಮೇಲು.

ಆಯ್ಕೆ ನನ್ನದಾದರೆ ದೊಡ್ಡ ಲಗತ್ತಿನ ಕೆಲಸಕ್ಕೆ ಥಂಡರ್‌ಬರ್ಡ್. ಔಟ್‌ಲುಕ್ ಬಿಡಲಾಗದವರು 25600 ಹಾಕಿಕೊಂಡರೆ ಜಿಮೇಲ್ ಖಾತೆಯ ಮಟ್ಟಿಗೆ ಎರಡೂ ಸರಿಸಮ. ಸಂದೇಹ ಬಂದಾಗ ದೋಷ ಯಾವ ಹೊತ್ತಿಗೆ ಬಂತೆಂದು ನೋಡುತ್ತೇನೆ. ಲಗತ್ತಿಸುವಾಗಲೇ ಬಂದರೆ ತಂತ್ರಾಂಶ ಇಲ್ಲವೇ ವೆಬ್‌ಮೇಲ್‌ನ ತಾಣ, ಕಳುಹಿಸುವಾಗ ಬಂದರೆ ನಮ್ಮ ಸೇವೆಯ ಸರ್ವರ್. ಎಲ್ಲ ಹೋಗಿ ಸ್ವಲ್ಪ ಹೊತ್ತಿನ ಮೇಲೆ 552 ಎಂಬ ಸಂಖ್ಯೆ ಹೊತ್ತ ಮೇಲ್ ಮರಳಿ ಬಂದರೆ ಅದು ಪಡೆಯುವವರ ಸರ್ವರ್. ಆಗ ನಮ್ಮ ಕಡೆ ಯಾವ ಸಂಖ್ಯೆ ಬದಲಿಸಿದರೂ ಪ್ರಯೋಜನವಿಲ್ಲ, ಕಡತ ಒಡೆದು ಕಳುಹಿಸಬೇಕು ಇಲ್ಲವೇ ಕೊಂಡಿ ಕೊಡಬೇಕು.