ಹಳೆ ಡೆಸ್ಕ್‌ಟಾಪಿನಲ್ಲಿ ಯೂರೋ ಟ್ರಕ್ ಸಿಮ್ಯುಲೇಟರ್ 2: 1.39ರಲ್ಲೇ ನಿಂತವನ ವಿಮರ್ಶೆ

ಈ ಆಟ ಬಂದದ್ದು 2012ರಲ್ಲಿ. ಮಾಡಿದವರು ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್. ನಾನು ಹಲವು ವರ್ಷಗಳಿಂದ ಆಡುತ್ತಿದ್ದೇನೆ, ಆದರೆ ಯೂರೋಪಿನ ಲಾರಿ ಓಡಿಸಿದ್ದು ಮೊದಲ ಕೆಲವು ತಿಂಗಳು ಮಾತ್ರ. ಆಮೇಲೆಲ್ಲ ಬಸ್ಸೇ. ನಮ್ಮ ಕಾಸರಗೋಡಿನಲ್ಲಿ ಇದನ್ನು ಆಡುವ ಹುಡುಗರಲ್ಲಿ ಹೆಚ್ಚಿನವರ ಕಥೆ ಇದೇ. ಕೇರಳದವರು ಮಾಡಿದ ಬಸ್ ಮಾಡ್‌ಗಳು, ಅಂದರೆ ಆಟಕ್ಕೆ ನಾವೇ ಸೇರಿಸಿಕೊಳ್ಳುವ ಬಸ್ಸುಗಳು, ಅಷ್ಟು ಸಿಗುತ್ತವೆ. ಹೊಸ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಖಾಸಗಿ ಬಸ್ಸಿನ ಬಣ್ಣ, ಹಾರ್ನ್, ಕನ್ನಡಿಯ ಪಕ್ಕದ ಮಾಲೆ ಸಮೇತ ಸಿಗುತ್ತದೆ.

ನನ್ನದು ಆಫೀಸಿನಿಂದ ಹೊರಬಿದ್ದ ಹಳೆ ಡೆಸ್ಕ್‌ಟಾಪ್. ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್ ಅಷ್ಟೇ. ಇಂಥ ಪಿಸಿಯಲ್ಲಿ ಈ ಆಟ ಚೆನ್ನಾಗಿ ನಡೆಯುತ್ತದಾ ಎಂದು ಕೇಳಿದರೆ, ಯಾವ ವರ್ಶನ್ ಎಂದು ನಾನು ತಿರುಗಿ ಕೇಳುತ್ತೇನೆ. ಇಷ್ಟು ವರ್ಷದ ಬಳಕೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ ವಿಷಯ ಅದೇ.

ಆಟಕ್ಕೆ ಇವತ್ತಿಗೂ ಅಪ್‌ಡೇಟ್ ಬರುತ್ತದೆ. ಒಳ್ಳೆಯದೇ, ಆದರೆ ಪ್ರತಿ ಅಪ್‌ಡೇಟಿಗೂ ಕೆಲವು ಮಾಡ್ ಸಾಯುತ್ತವೆ. 1.37ರಲ್ಲಿ ಶಬ್ದದ ವ್ಯವಸ್ಥೆಯನ್ನು ಪೂರ್ತಿ ಬದಲಿಸಿ ಎಫ್‌ಮಾಡ್ ತಂದರು. ಅದಕ್ಕೂ ಹಿಂದೆ ಮಾಡಿದ ಬಸ್ಸನ್ನು ಹಾಕಿದರೆ ಬಸ್ ಬರುತ್ತದೆ, ಎಂಜಿನ್ ಮಾತ್ರ ಮೂಕ. 1.40ರಲ್ಲಿ ಬೆಳಕಿನ ವ್ಯವಸ್ಥೆ ಬದಲಾಯಿತು. ನೋಡಲು ಚಂದ, ನನ್ನ ಪಿಸಿಗೆ ಭಾರ. ಹಾಗಾಗಿ ನಾನು 1.39ರಲ್ಲಿ ನಿಂತೆ. ಹೊಸ ಶಬ್ದ ಇದೆ, ಹೊಸ ಬೆಳಕು ಇಲ್ಲ.

ನಿಲ್ಲಿಸುವುದು ಸುಲಭ. ಸ್ಟೀಮ್‌ನಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆರೆದರೆ Betas ಎಂಬ ಜಾಗ ಇದೆ. ಅಲ್ಲಿ temporary_1_39 ಎಂಬುದನ್ನು ಆರಿಸಿದರೆ ಆ ವರ್ಶನ್ ಇಳಿಯುತ್ತದೆ. ನೀವೇ ಬದಲಿಸುವವರೆಗೆ ಅದು ಅಲ್ಲೇ ಇರುತ್ತದೆ. ಹೊಸ ವರ್ಶನ್‌ಗೆ ಮಾಡ್ ಹೊಂದಿಕೆಯಾಗದವರಿಗೆಂದೇ ಕಂಪನಿ ಹಳೆ ವರ್ಶನ್‌ಗಳನ್ನು ಹೀಗೆ ಇಟ್ಟಿದೆ. ಇಷ್ಟು ವರ್ಷ ಈ ಆಟ ನನ್ನ ಪಿಸಿಯಲ್ಲಿ ಉಳಿಯಲು ಈ ಒಂದು ಸೌಲಭ್ಯವೇ ಕಾರಣ.

ಇದರ ಬೆಲೆಯನ್ನೂ ಹೇಳಬೇಕಲ್ವಾ? ಐಬೀರಿಯಾ ನಕ್ಷೆ ಬಂದದ್ದು 1.40ರ ಜೊತೆ. ವೆಸ್ಟ್ ಬಾಲ್ಕನ್ಸ್ ಇನ್ನೂ ಆಮೇಲೆ. ಅವನ್ನು ದುಡ್ಡು ಕೊಟ್ಟು ಕೊಂಡಿದ್ದರೂ 1.39ರಲ್ಲಿ ತೆರೆಯುವುದಿಲ್ಲ. ಹೊಸ ವರ್ಶನ್‌ನಲ್ಲಿ ಸೇವ್ ಮಾಡಿದ ಆಟವೂ ಹಳೆಯದರಲ್ಲಿ ತೆರೆಯದು. ಹಿಂದೆ ಹೋಗುವವರು ಹೊಸ ಪ್ರೊಫೈಲಿನಿಂದ ಶುರು ಮಾಡಬೇಕು. ಜೊತೆಗೆ ಸ್ಟೀಮ್ ವರ್ಕ್‌ಶಾಪಿನ ಮಾಡ್‌ಗಳನ್ನು ನಂಬಿ ಕೂರುವಂತಿಲ್ಲ. ಮಾಡಿದವರು ಹಳೆ ಪ್ರತಿಯನ್ನೂ ಒಳಗೆ ಉಳಿಸಬಹುದು, ಆದರೆ ಎಷ್ಟೋ ಜನ ಹೊಸದನ್ನು ಮಾತ್ರ ಇಡುತ್ತಾರೆ. ಅದಕ್ಕೇ ನಾನು ಬೇಕಾದ ಮಾಡ್ ಫೈಲುಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುತ್ತೇನೆ.

ಮಾಡ್ ಹಾಕುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. .scs ಫೈಲನ್ನು Documents ಒಳಗಿನ Euro Truck Simulator 2 ಫೋಲ್ಡರಿನ mod ಫೋಲ್ಡರಿಗೆ ಹಾಕಿ, ಆಟದ ಮಾಡ್ ಮ್ಯಾನೇಜರಿನಲ್ಲಿ ಆನ್ ಮಾಡಿದರೆ ಆಯಿತು. ಎರಡು ಮಾಡ್‌ಗಳು ಒಂದೇ ಫೈಲನ್ನು ಬದಲಿಸಿದರೆ ಪಟ್ಟಿಯಲ್ಲಿ ಮೇಲಿರುವುದು ಗೆಲ್ಲುತ್ತದೆ. ಡೌನ್‌ಲೋಡ್ ಮಾಡಿದ್ದರೊಳಗೆ .exe ಸಿಕ್ಕಿದರೆ ಮಾತ್ರ ಮುಟ್ಟಬೇಡಿ, ಬಸ್ಸು ಹಾಕಲು ಅದು ಬೇಕಾಗುವುದೇ ಇಲ್ಲ.

ಯಾವ ವರ್ಶನ್‌ಗೆ ಮಾಡಿದ್ದು ಎಂದು ತಿಳಿಯಲು ವಿಡಿಯೋದ ತಲೆಬರಹ ನಂಬಬೇಡಿ. ಎಷ್ಟೋ .scs ಫೈಲುಗಳು ಒಳಗೆ ಬರೀ ಝಿಪ್. 7-ಝಿಪ್‌ನಲ್ಲಿ ತೆರೆದು manifest.sii ನೋಡಿದರೆ ಇಂಥ ಒಂದು ಸಾಲು ಇರುತ್ತದೆ:

```
compatible_versions[]: "1.39.*"
```

ಈ ಸಾಲನ್ನೇ ಬದಲಿಸಿ ಹಳೆ ಮಾಡ್ ಓಡಿಸುವವರೂ ಇದ್ದಾರೆ. ಮಾಡ್ ಮ್ಯಾನೇಜರಿನ ಎಚ್ಚರಿಕೆಯ ಗುರುತು ಹೋಗುತ್ತದೆ ಅಷ್ಟೇ. ಮೂಕ ಎಂಜಿನ್‌ಗೆ ಬಾಯಿ ಬರುವುದಿಲ್ಲ.

ಇನ್ನು ನಿಜವಾದ ತಲೆನೋವಿಗೆ ಬರುತ್ತೇನೆ. ಒಂದು ಖಾಸಗಿ ಬಸ್ಸಿನ ಮಾಡ್ ಹಾಕಿದ್ದೆ. ನೋಡಲು ಬಲು ಚಂದ. ಆದರೆ ಬಸ್ಸಿನ ಹೊರಗಿನ ನೋಟಕ್ಕೆ ಬಂದ ಕೂಡಲೇ ಆಟ ತಡವರಿಸುತ್ತಿತ್ತು. ಕ್ಯಾಮೆರಾ ತಿರುಗಿಸಿದರೆ ಒಂದು ಕ್ಷಣ ನಿಂತು ಆಮೇಲೆ ಓಡುವುದು. ಕಂಪನಿಯ ಲಾರಿಯಲ್ಲಿ ಇದು ಇಲ್ಲ. ಅಂದರೆ ತೊಂದರೆ ರಸ್ತೆಯದ್ದಲ್ಲ, ಬಸ್ಸಿನದ್ದು.

ಫೈಲು ತೆರೆದು ನೋಡಿದರೆ ಬಸ್ಸಿನ ಮೈಗೆ ಅಂಟಿಸಿದ ಚಿತ್ರಗಳು 4096 × 4096 ಅಳತೆಯವು, .dds ಫೈಲುಗಳು. ಅಳತೆ ದೊಡ್ಡದಿರುವುದು ಒಂದು. ಅದಕ್ಕಿಂತ ಕೆಟ್ಟದ್ದು ಕುಗ್ಗಿಸದೆ ಉಳಿಸಿದ್ದು. ಕುಗ್ಗಿಸದಿದ್ದರೆ ಒಂದು ಪಿಕ್ಸೆಲಿಗೆ 4 ಬೈಟ್, ಒಂದು ಚಿತ್ರಕ್ಕೇ 64 ಎಂಬಿ. ದೂರದಿಂದ ಕಾಣಲು ಬೇಕಾಗುವ ಚಿಕ್ಕ ಪ್ರತಿಗಳೂ ಸೇರಿದರೆ 85 ಎಂಬಿ ಹತ್ತಿರ. ಅದೇ ಚಿತ್ರವನ್ನು ಡಿಎಕ್ಸ್‌ಟಿ5 ಎಂಬ ಕುಗ್ಗಿಸುವ ವಿಧಾನದಲ್ಲಿ ಉಳಿಸಿದರೆ ಎಲ್ಲ ಸೇರಿ ಸುಮಾರು 21 ಎಂಬಿ. ಅಳತೆಯನ್ನು 2048ಕ್ಕೆ ಇಳಿಸಿದರೆ ಐದೂಕಾಲು ಎಂಬಿ ಸಾಕು. ಇಂಟೆಲ್ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ನಮ್ಮ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಇಂಥ ಹತ್ತು ಚಿತ್ರ ಇರುವ ಒಂದು ಬಸ್ಸೇ ಮುಕ್ಕಾಲು ಜಿಬಿಗಿಂತ ಜಾಸ್ತಿ ತಿಂದರೆ ತಡವರಿಸದೆ ಇನ್ನೇನು?

ಚಿತ್ರ ತಿದ್ದುವ ಗಿಂಪ್ 2.10ರಲ್ಲಿ .dds ತೆರೆದು ಉಳಿಸಬಹುದು. ನಾನು ಮಾಡಿದ್ದು ಇಷ್ಟು. ದೊಡ್ಡ .dds ಫೈಲುಗಳನ್ನು ಹೊರತೆಗೆದೆ. ಅಳತೆ 2048 ಮಾಡಿದೆ. ಎಕ್ಸ್‌ಪೋರ್ಟ್ ಮಾಡುವಾಗ BC3 / DXT5 ಆರಿಸಿ, ಮಿಪ್‌ಮ್ಯಾಪ್, ಅಂದರೆ ಆ ಚಿಕ್ಕ ಪ್ರತಿಗಳನ್ನು, ಮಾಡುವ ಆಯ್ಕೆಯನ್ನೂ ಹಾಕಿದೆ. ಹೆಸರು ಒಂದಕ್ಷರವೂ ಬದಲಾಗಬಾರದು, ಯಾಕೆಂದರೆ ಪಕ್ಕದ .tobj ಫೈಲು ಆ ಹೆಸರನ್ನೇ ಹುಡುಕುತ್ತದೆ. ಆಮೇಲೆ ಅದೇ ಜಾಗಕ್ಕೆ ವಾಪಸ್ ಎಳೆದು ಹಾಕಿದೆ. ತಡವರಿಕೆ ಹೋಯಿತು. ಬಸ್ಸಿನ ಪಕ್ಕಕ್ಕೇ ಮೂಗು ತಾಗಿಸಿ ನೋಡಿದರೆ ಅಕ್ಷರ ಸ್ವಲ್ಪ ಮಸುಕು. ಓಡಿಸುವಾಗ ಯಾರು ನೋಡುತ್ತಾರೆ?

ಗಿಂಪ್ ಹೇಗೂ ತೆರೆದಿತ್ತು, ಬೋರ್ಡನ್ನೂ ಬದಲಿಸಿದೆ. ಮಲಯಾಳದಲ್ಲಿದ್ದ ಜಾಗದಲ್ಲಿ "ಕಾಸರಗೋಡು – ಕುಂಬಳೆ – ಮಂಗಳೂರು" ಎಂದು ಕನ್ನಡದಲ್ಲಿ ಬರೆದೆ. ಆಟದ ಮೆನುವಿನಲ್ಲಿ ಕನ್ನಡ ಭಾಷೆ ಇಲ್ಲ, ಆದರೆ ಬೋರ್ಡು ಚಿತ್ರ ತಾನೇ, ಯಾವ ಲಿಪಿಯಾದರೂ ನಡೆಯುತ್ತದೆ. ಒಂದು ವಿಷಯ ನೋಡಿಕೊಳ್ಳಿ. ಕೆಲವು ಮಾಡ್‌ಗಳಲ್ಲಿ ಬಸ್ಸಿನ ಎರಡೂ ಬದಿಗೆ ಒಂದೇ ಚಿತ್ರ ಅಂಟಿಸಿರುತ್ತಾರೆ. ಆಗ ಒಂದು ಬದಿಯಲ್ಲಿ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ. ಅಂಥ ಬಸ್ಸಿನಲ್ಲಿ ಮುಂದಿನ ಬೋರ್ಡಿಗೆ ಮಾತ್ರ ಕೈ ಹಾಕಿ.

ಎಲ್ಲ ಮಾಡ್‌ಗಳಲ್ಲಿ ಇದು ಆಗುವುದಿಲ್ಲ. ಬೀಗ ಹಾಕಿದ ಫೈಲುಗಳು ತೆರೆಯುವುದಿಲ್ಲ. ಕದಿಯುವವರ ಕಾಟಕ್ಕೆ ಬೀಗ ಹಾಕುತ್ತಾರೆ, ಅದು ಅವರ ಹಕ್ಕು. ನಾವು ತಿದ್ದಿದ್ದನ್ನು ನಮ್ಮ ಪಿಸಿಯಲ್ಲೇ ಇಟ್ಟುಕೊಂಡರೆ ಯಾರಿಗೂ ತಕರಾರಿಲ್ಲ. ನಮ್ಮ ಹೆಸರಲ್ಲಿ ಮತ್ತೆ ಹಂಚಬಾರದು. ದುಡ್ಡು ಕೊಟ್ಟು ಕೊಳ್ಳುವ ಮಾಡ್‌ಗಳೂ ಇವೆ. ನಾನು ಒಬ್ಬರಿಂದ ಒಂದು ಬಸ್ ಕೊಂಡಿದ್ದೆ. ಚಿತ್ರಗಳೆಲ್ಲ ದೊಡ್ಡವು, ಫೈಲಿಗೆ ಬೀಗ, ಕೇಳಿದರೆ ಉತ್ತರ ಇಲ್ಲ. ಅಂದಿನಿಂದ ಹಗುರ ಪ್ರತಿ ಕೊಡದವರ ಹತ್ತಿರ ಕೊಳ್ಳುವುದಿಲ್ಲ.

ನಕ್ಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನಮ್ಮ ಹುಡುಗರಿಗೆ ಇಷ್ಟವಾಗುವುದಿಲ್ಲ. ಭಾರತದ ರಸ್ತೆಗಳ ನಕ್ಷೆ ಮಾಡ್‌ಗಳಿವೆ. ಅಕ್ಕನ ಮಗನಿಗೆ ಅದಿಲ್ಲದೆ ಆಗದು. "ಮಾಮ, ತೆಂಗಿನಮರ ಇಲ್ಲದ ರೋಡಲ್ಲಿ ಈ ಬಸ್ಸು ಎಂತಕ್ಕೆ?" ಎನ್ನುತ್ತಾನೆ. ಆದರೆ ಮರ, ಅಂಗಡಿ, ಬೋರ್ಡು ಎಲ್ಲ ಹೊಸ ಚಿತ್ರಗಳೇ. ಪೇಟೆ ಬಂದ ಕೂಡಲೇ ನನ್ನ ಪಿಸಿ ಏದುಸಿರು ಬಿಡುತ್ತದೆ. ನಾನು ಬ್ರಿಟನ್ನಿನಲ್ಲಿ ಓಡಿಸುತ್ತೇನೆ. ಅಲ್ಲಿ ನಮ್ಮ ಹಾಗೆ ಎಡಗಡೆ ಸಂಚಾರ, ಬಲಗಡೆ ಸ್ಟಿಯರಿಂಗಿನ ಬಸ್ಸು ಸರಿಯಾಗಿ ಹೊಂದುತ್ತದೆ. 1.39ರಲ್ಲಿ ಅದು ಮೂಲ ಆಟದ ಹಳೆ ನಕ್ಷೆಯೇ, ಆದ್ದರಿಂದ ಹಗುರ. ಬೇರೆ ಮಾಡ್ ಬೇಕಾಗಿಲ್ಲ. ಹೊಸದಾಗಿ ಕಟ್ಟಿದ ಜರ್ಮನಿಯ ಊರುಗಳಿಗಿಂತ ಇಲ್ಲಿ ಆಟ ಸಲೀಸು.

ಪೇಟೆಯೊಳಗೆ ಇನ್ನೂ ಭಾರ ಅನಿಸಿದರೆ ಎರಡು ಕಡೆ ಕೈ ಹಾಕಿ. ಒಂದು ಕನ್ನಡಿ. ಪ್ರತಿ ಕನ್ನಡಿಗೂ ಆಟ ಹಿಂದಿನ ದೃಶ್ಯವನ್ನು ಇನ್ನೊಮ್ಮೆ ಬಿಡಿಸಬೇಕು. ಬಸ್ಸಿಗೆ ಕನ್ನಡಿ ಜಾಸ್ತಿ. ಸೆಟ್ಟಿಂಗ್‌ನಲ್ಲಿ ಕನ್ನಡಿಯ ಗುಣಮಟ್ಟ, ದೂರ ಎರಡನ್ನೂ ಕೆಳಗಿಳಿಸಿ. ಇನ್ನೊಂದು ರಸ್ತೆಯ ವಾಹನಗಳು. config.cfg ಫೈಲಿನಲ್ಲಿ ಈ ಎರಡು ಸಾಲನ್ನು 1 ಮಾಡಿ:

```
uset g_developer "1"
uset g_console "1"
```

ಆಮೇಲೆ ಆಟದಲ್ಲಿ ~ ಒತ್ತಿ g_traffic 0.5 ಎಂದು ಹೊಡೆದರೆ ವಾಹನ ಕಡಿಮೆಯಾಗಿ ಪ್ರೊಸೆಸರಿಗೆ ಉಸಿರು ಬರುತ್ತದೆ. ರಸ್ತೆ ಹರತಾಳದ ದಿನದ ಹಾಗೆ ಕಾಣುತ್ತದೆ, ಅದನ್ನು ಸಹಿಸಬೇಕು.

ಸಾಮಾನಿಗೆ ನಾನು ಖರ್ಚು ಮಾಡಿದ್ದು ಒಂದೇ, ಹಳೆಯ 4 ಜಿಬಿ ಡಿಡಿಆರ್3 ರ‍್ಯಾಮ್. ಮೊದಲು ಒಂದೇ 4 ಜಿಬಿ ಇತ್ತು. ಜೋಡಿ ಹಾಕಿದರೆ ಮೆಮೊರಿ ಎರಡು ದಾರಿಯಲ್ಲಿ ಓಡುತ್ತದೆ. ಒಳಗಿನ ಗ್ರಾಫಿಕ್ಸ್ ಇರುವವರಿಗೆ ಇದರ ಲಾಭ ಕಣ್ಣಿಗೇ ಕಾಣುತ್ತದೆ. 720ಪಿಯಲ್ಲಿ, ಕಡಿಮೆ ಸೆಟ್ಟಿಂಗ್‌ನಲ್ಲಿ ಈಗ ಹೆದ್ದಾರಿಯಲ್ಲಿ ನಿರಾಳವಾಗಿ ಓಡುತ್ತದೆ.

ಆಟ ತಾನಾಗಿ ಮುಚ್ಚಿಕೊಂಡರೆ Documents ಒಳಗಿನ ಅದೇ ಫೋಲ್ಡರಿನಲ್ಲಿ game.log.txt ಇದೆ. ಕೊನೆಯಿಂದ ಮೇಲಕ್ಕೆ <ERROR> ಹುಡುಕಿ. ಹೆಚ್ಚಿನ ಸಲ ಅಲ್ಲಿ ಸಿಗುವ ಫೈಲಿನ ಹೆಸರಲ್ಲೇ ಯಾವ ಮಾಡ್ ಎಂದು ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅರ್ಧ ಮಾಡ್‌ಗಳನ್ನು ಆಫ್ ಮಾಡಿ ನೋಡಿ, ಆಮೇಲೆ ಉಳಿದ ಅರ್ಧದಲ್ಲಿ ಅರ್ಧ. ಇದಕ್ಕೆ ಬೇರೆಯೇ ಒಂದು ಪ್ರೊಫೈಲ್ ಇಟ್ಟುಕೊಳ್ಳಿ. ಮುಖ್ಯ ಪ್ರೊಫೈಲಿನಲ್ಲಿ ಬಸ್ಸಿನ ಮಾಡ್ ತೆಗೆದರೆ ಗ್ಯಾರೇಜಿನಿಂದ ಬಸ್ಸೂ ಹೋಗುತ್ತದೆ. ಆಟಿ ತಿಂಗಳಲ್ಲಿ ನಮ್ಮಲ್ಲಿ ಕರೆಂಟ್ ಹೋಗುವ ಪರಿ ಗೊತ್ತಲ್ಲ, ಹಾಗಾಗಿ profiles ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇರಲಿ.

ಬಸ್ಸಿನ ಆಟವೆಂದು ಮಾತ್ರ ಕೊಳ್ಳಬೇಡಿ. ಇದು ಲಾರಿಯ ಆಟ. ಬಸ್ ಅನ್ನು ಲಾರಿಯೆಂದೇ ತಿಳಿದು ಓಡಿಸುತ್ತದೆ. ವೋಲ್ವೋ ಅಥವಾ ಸ್ಕ್ಯಾನಿಯಾ ಶೋರೂಮಿನಲ್ಲೇ ಅದನ್ನು ಕೊಳ್ಳುವುದು. ಜನ ಹತ್ತಿಸುವುದಕ್ಕೆ ಬೇರೆ ಮಾಡ್ ಬೇಕು, ಅದೂ ಕಾಣದ ಟ್ರೇಲರಿನ ಉಪಾಯ. ರಿವರ್ಸ್ ತೆಗೆಯುವಾಗ ಇಲ್ಲದ ಗೋಡೆಗೆ ಬಡಿದ ಹಾಗಾಗುತ್ತದೆ.

ಸ್ಟೀಮ್‌ನಲ್ಲಿ ಆಗಾಗ ಮುಕ್ಕಾಲು ಬೆಲೆ ಕಡಿತ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ. ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಹೊಸ ವರ್ಶನ್ನೇ ಸರಿ. ನನ್ನಂಥ ಪಿಸಿಯವರು ಮೂಲ ಆಟ ಮಾತ್ರ ಕೊಂಡು, 1.39 ಹಾಕಿ, ಒಂದೇ ಒಂದು ಒಳ್ಳೆಯ ಬಸ್ಸಿನಿಂದ ಶುರು ಮಾಡಿ. ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಕಳೆದದ್ದು ರಿವರ್ಸ್‌ಗೆ.