ಚಿಯಾ ಬೀಜ: ಒಣದಾಗಿ ತಿನ್ನಬಹುದೇ, ನೆನೆಸಲೇಬೇಕೇ?

ಚಿಯಾ ಬೀಜವನ್ನು ನೆನೆಸದೆಯೂ ತಿನ್ನಬಹುದು. ಆದರೆ ಒಣಬೀಜವನ್ನು ಚಮಚದಲ್ಲಿ ತೆಗೆದು ನೇರ ಬಾಯಿಗೆ ಹಾಕಿಕೊಂಡು, ಮೇಲೆ ನೀರು ಕುಡಿಯುವ ಪದ್ಧತಿ ಮಾತ್ರ ಬೇಡವೇ ಬೇಡ. ಬೀಜ ಎಲ್ಲಿ ಉಬ್ಬುತ್ತದೆ, ಬಟ್ಟಲಲ್ಲೋ ಗಂಟಲಲ್ಲೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬೀಜದ ಹೊರಪದರದಲ್ಲಿ ನೀರು ಹೀರುವ ನಾರಿನಂಶವಿದೆ. ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಅದು ಬೀಜದ ಸುತ್ತ ಲೋಳೆಯಾಗಿ ನಿಲ್ಲುತ್ತದೆ. ಬೀಜ ತನ್ನ ತೂಕದ ಸುಮಾರು ಹತ್ತು ಪಟ್ಟು ನೀರನ್ನು ಹಿಡಿದಿಡಬಲ್ಲದು. ಒಂದು ದೊಡ್ಡ ಚಮಚ ಎಂದರೆ ಹೆಚ್ಚುಕಡಿಮೆ 12 ಗ್ರಾಂ. ಅದು ಪೂರ್ತಿ ಉಬ್ಬಿದರೆ 120 ಮಿಲಿಲೀಟರ್ ನೀರನ್ನು ನುಂಗಿ, ಅರ್ಧ ಲೋಟಕ್ಕಿಂತ ಹೆಚ್ಚಿನ ಮುದ್ದೆಯಾಗುತ್ತದೆ. ಈ ಮುದ್ದೆ ಅನ್ನನಾಳದಲ್ಲೇ ಕಟ್ಟಿಕೊಂಡ ಪ್ರಕರಣವೊಂದನ್ನು 2014ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವಾರ್ಷಿಕ ಸಭೆಯಲ್ಲಿ ವೈದ್ಯರು ವಿವರಿಸಿದ್ದರು. 39 ವರ್ಷದ ವ್ಯಕ್ತಿ ಒಂದು ದೊಡ್ಡ ಚಮಚ ಒಣಬೀಜ ತಿಂದು ಒಂದು ಲೋಟ ನೀರು ಕುಡಿದಿದ್ದರು. ಲೋಳೆ ಅನ್ನನಾಳವನ್ನು ಮುಚ್ಚಿಬಿಟ್ಟಿತು. ಕೊನೆಗೆ ಎಂಡೋಸ್ಕೋಪ್ ಇಳಿಸಿ ಅದನ್ನು ಹೊಟ್ಟೆಗೆ ತಳ್ಳಬೇಕಾಯಿತು. ಅವರಿಗೆ ಮೊದಲೇ ಆಗಾಗ ನುಂಗಲು ತೊಂದರೆಯಾಗುತ್ತಿತ್ತು. ಅಂಥ ತೊಂದರೆ ಇರುವವರಿಗೆ, ಚಿಕ್ಕ ಮಕ್ಕಳಿಗೆ ಒಣಬೀಜ ಯಾವ ರೂಪದಲ್ಲೂ ಬೇಡ.

ಇನ್ನು ಒಣಬೀಜವನ್ನು ಮೊಸರು, ಗಂಜಿ, ಹಣ್ಣಿನ ಹೋಳುಗಳ ಮೇಲೆ ಉದುರಿಸಿ ತಿನ್ನುವ ರೀತಿ. ಒಂದು ಬಟ್ಟಲಿಗೆ ಒಂದು ಟೀ ಚಮಚ ಸಾಕು, ಅಂದರೆ 4 ಗ್ರಾಂ ಆಸುಪಾಸು. ಕಲಸಿ ಐದು ನಿಮಿಷ ಬಿಟ್ಟರೆ ಅದು ಅಲ್ಲೇ ಅರೆಬರೆ ನೆನೆಯುತ್ತದೆ. ಕೂಡಲೇ ತಿಂದರೆ ಕರುಂ ಎನ್ನುತ್ತದೆ, ಹಲ್ಲಿಗೆ ಸಿಗುತ್ತದೆ. ಲೋಳೆಯ ಸ್ಪರ್ಶ ಹಿಡಿಸದವರಿಗೆ ಇದೇ ಒಳ್ಳೆಯ ದಾರಿ. ಹಪ್ಪಳದಂಥ ಒಣ ತಿಂಡಿಯ ಮೇಲೆ ಉದುರಿಸಿದರೆ ಮಾತ್ರ ಬಟ್ಟಲಲ್ಲೇ ನೆನೆಯುವ ಲಾಭವಿಲ್ಲ. ಬೀಜಕ್ಕೆ ಬಾಯಿಯ ಜೊಲ್ಲೇ ಮೊದಲ ನೀರಾಗುತ್ತದೆ.

ಗಂಟಲಿಗೆ ಅತ್ಯಂತ ನಿರಾಳವಾದದ್ದು ನೆನೆಸಿದ ಬೀಜ, ಆದರೆ ಹೆಚ್ಚಿನವರು ಕೆಡಿಸುವುದೂ ಇದನ್ನೇ. ಲೋಟದ ತಳಕ್ಕೆ ಬೀಜ ಹಾಕಿ ಮೇಲೆ ನೀರು ಸುರಿದು ಬಿಟ್ಟರೆ ಗಂಟು ಕಟ್ಟುತ್ತದೆ. ಹೊರಗಿನ ಬೀಜಗಳ ಲೋಳೆ ಬೇಲಿ ಹಾಕಿದಂತಾಗಿ ಒಳಗಿನವಕ್ಕೆ ನೀರೇ ತಲುಪುವುದಿಲ್ಲ. ಆದ್ದರಿಂದ ಮೊದಲು 200 ಮಿಲಿಲೀಟರ್ ನೀರು ತೆಗೆದುಕೊಂಡು, ಕಲಕುತ್ತಲೇ ಒಂದು ದೊಡ್ಡ ಚಮಚ ಬೀಜ ಉದುರಿಸಿ. ಎರಡು ನಿಮಿಷ ಕಳೆದ ಮೇಲೆ ಒಮ್ಮೆ, ಐದು ನಿಮಿಷ ಕಳೆದ ಮೇಲೆ ಇನ್ನೊಮ್ಮೆ ಕಲಕಿ. ಈ ಎರಡು ಸುತ್ತು ತಪ್ಪಿಸಿದರೆ ಆಮೇಲೆ ಎಷ್ಟು ಕಲಕಿದರೂ ಗಂಟು ಸುಲಭಕ್ಕೆ ಬಿಡುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಕುಡಿಯಲು ಸಿದ್ಧ. ಫ್ರಿಜ್‌ನ ತಣ್ಣೀರಾದರೆ, ಹಾಲಾದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಚಮಚದಲ್ಲಿ ತಿನ್ನುವಷ್ಟು ಗಟ್ಟಿ ಬೇಕಿದ್ದರೆ ಒಂದು ಕಪ್ ಹಾಲಿಗೆ ಮೂರು ದೊಡ್ಡ ಚಮಚ ಬೀಜ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಇದು ಒಬ್ಬರೇ ಒಂದೇ ಸಲ ಮುಗಿಸುವ ಅಳತೆಯಲ್ಲ.

ನೆನೆದದ್ದು ಗೊತ್ತಾಗುವುದು ಕಣ್ಣಿಗೇ: ಪ್ರತಿ ಬೀಜದ ಸುತ್ತಲೂ ತಿಳಿಯಾದ ಲೋಳೆಯ ಉಂಗುರ ಕಾಣುತ್ತದೆ, ಬೀಜಗಳು ತಳಕ್ಕೆ ಇಳಿಯದೆ ಲೋಟದ ತುಂಬ ಹರಡಿ ನಿಲ್ಲುತ್ತವೆ. ಗಂಟು ಕಂಡರೆ ಲೋಟದ ಗೋಡೆಗೆ ಚಮಚದಿಂದ ಒತ್ತಿ ಒಡೆಯಿರಿ. ಒಳಗೆ ಒಣಬೀಜ ಇದ್ದರೆ ಇನ್ನೂ ಹತ್ತು ನಿಮಿಷ ಬಿಡಿ.

ಇಷ್ಟಾದರೂ ನೆನೆಸಿದ್ದೇ ಎಲ್ಲದರಲ್ಲೂ ಮೇಲು ಎನ್ನಲಾಗದು. ಬೀಜದೊಳಗಿನ ಒಮೆಗಾ-3 ಕೊಬ್ಬು ಸಿಗಬೇಕಾದರೆ ಅದರ ಸಿಪ್ಪೆ ಒಡೆಯಬೇಕು. ನೀರು ಸಿಪ್ಪೆಯನ್ನು ಒಡೆಯುವುದಿಲ್ಲ. ಮೇಲಾಗಿ ಲೋಳೆ ಸುತ್ತಿದ ಬೀಜ ಹಲ್ಲಿನಿಂದ ಜಾರಿ ಹಾಗೇ ಒಳಗಿಳಿಯುತ್ತದೆ, ಅಗಿಯದೆ ನುಂಗಿದ್ದು ಇಡಿಯಾಗಿಯೇ ಹೊರಬರಬಹುದು. ಮಲಬದ್ಧತೆಗೆ ನಾರಿನಂಶ ಬೇಕೆಂದು ತಿನ್ನುವವರಿಗೆ ಇದರಿಂದ ನಷ್ಟವಿಲ್ಲ, ಲೋಳೆಯೇ ಅವರಿಗೆ ಬೇಕಾದದ್ದು. ಒಮೆಗಾ-3ಗಾಗಿ ತಿನ್ನುವವರು ಒಣಗಿದ ಮಿಕ್ಸಿ ಜಾರಿನಲ್ಲಿ ಬಿಟ್ಟುಬಿಟ್ಟು ಕೆಲವು ಸೆಕೆಂಡು ತಿರುಗಿಸಿ ಪುಡಿ ಮಾಡಿಕೊಳ್ಳುವುದು ಉತ್ತಮ. ಪುಡಿಯೂ ನೀರು ಹೀರಿ ಉಬ್ಬುತ್ತದೆ, ಅದೂ ಬೇಗನೆ. ಹಾಗಾಗಿ ಅದನ್ನೂ ಬಾಯಿಗೆ ಸುರಿದುಕೊಳ್ಳದೆ ಗಂಜಿಗೋ ಮೊಸರಿಗೋ ಕಲಸಿಯೇ ತಿನ್ನಬೇಕು. ಸಿಪ್ಪೆಯ ಕಾವಲು ಹೋದ ಎಣ್ಣೆಯಂಶ ಬೇಗ ಕಮಟುತ್ತದೆ. ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಹಳೆಯ ಎಣ್ಣೆಯ ವಾಸನೆ ಬಂದರೆ ಎಸೆದುಬಿಡಿ.